ಅಂಕಿತ ನಂಬಬೇಡಿ, ತಲೆಬರಹ ಓದಿ: ಗುರು ಗ್ರಂಥ ಸಾಹಿಬ್‌ನಲ್ಲಿ ಯಾವ ಪದ ಯಾರದು?

ನಮಗೆ ಒಂದು ಅಭ್ಯಾಸ ಇದೆ. ‘ಕೂಡಲಸಂಗಮದೇವ’ ಅಂತ ಬಂದರೆ ಬಸವಣ್ಣ, ‘ಪುರಂದರವಿಠಲ’ ಅಂತ ಬಂದರೆ ಪುರಂದರದಾಸರು. ಕೊನೆಯ ಸಾಲಿಗೆ ಹೋಗಿ ಅಂಕಿತ ನೋಡಿದರೆ ಕೆಲಸ ಮುಗಿಯಿತು. ಸಿಖ್ಖರ ಗುರು ಗ್ರಂಥ ಸಾಹಿಬ್ ಓದಲು ಕೂತಾಗ ಇದೇ ಅಭ್ಯಾಸ ನಮ್ಮನ್ನು ಎರಡು ಕಡೆ ಎಡವಿಸುತ್ತದೆ. ಒಂದು, ಅಲ್ಲಿ ಆರು ಮಂದಿ ಗುರುಗಳ ಪದಗಳಿಗೆ ಒಂದೇ ಅಂಕಿತ: ನಾನಕ್. ಎರಡು, ‘ಫರೀದಾ’ ಅಂತ ಶುರುವಾಗುವ ಸಾಲು ಸೂಫಿ ಸಂತ ಫರೀದರದೇ ಆಗಿರಬೇಕು ಅಂತಿಲ್ಲ.

ನಾನೇ ಹೀಗೆ ಎಡವಿದ್ದೇನೆ. ‘ಫರೀದಾ ಖಾಲಕು ಖಲಕ ಮಹಿ, ಖಲಕ ವಸೈ ರಬ ಮಾಹಿ.’ ಸೃಷ್ಟಿಕರ್ತ ಸೃಷ್ಟಿಯೊಳಗಿದ್ದಾನೆ, ಸೃಷ್ಟಿ ಅವನೊಳಗಿದೆ. ಅವನಿಲ್ಲದ ಜಾಗವೇ ಇಲ್ಲ ಅಂದಮೇಲೆ ಯಾರನ್ನು ಕೆಟ್ಟವರು ಅನ್ನೋಣ? ಇಷ್ಟು ಸೊಗಸಾದ ಸಾಲು ಸಿಕ್ಕಿತಲ್ಲ ಅಂತ ಕೆಳಗೆ ‘ಬಾಬಾ ಫರೀದ್’ ಎಂದು ಬರೆದು ಹತ್ತು ಜನಕ್ಕೆ ಕಳಿಸಿದ್ದೆ. ಅವರಲ್ಲಿ ಗ್ರಂಥದ ಲಿಪಿಯಾದ ಗುರುಮುಖಿ ಬಲ್ಲ ಒಬ್ಬರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: “ಅದರ ಮೇಲಿನ ಸಾಲು ನೋಡಿದ್ರಾ?” ನೋಡಿರಲಿಲ್ಲ. ಮೇಲೆ ‘ಮಹಲಾ 5’ ಅಂತ ಇತ್ತು. ಅಂದರೆ ಆ ಸಾಲು ಐದನೇ ಗುರು ಅರ್ಜನ್ ಅವರದು.

ಮೇಲಿನ ಸಾಲು ಓದುವುದು ಹೇಗೆ ಅಂತ ಹೇಳುವುದೇ ಈ ಬರಹದ ಕೆಲಸ. ಅದಕ್ಕೂ ಮೊದಲು, ಬೇರೆ ಪಂಥದವರ ಪದಗಳು ಅಲ್ಲಿಗೆ ಬಂದಿದ್ದು ಯಾಕೆ ಅನ್ನುವುದನ್ನು ನೋಡಬೇಕು. ಯಾಕೆ ಅನ್ನುವುದು ತಿಳಿಯದಿದ್ದರೆ ಹೇಗೆ ಅನ್ನುವುದು ಬರೀ ಬಾಯಿಪಾಠ ಆಗುತ್ತದೆ.

ಯಾರ್ಯಾರ ಪದಗಳಿವೆ

1604ರಲ್ಲಿ ಗುರು ಅರ್ಜನ್ ಅಮೃತಸರದಲ್ಲಿ ಈ ಗ್ರಂಥವನ್ನು ಕೂಡಿಸಿದರು. ಅವರು ಹೇಳಿದಂತೆ ಬರೆದುಕೊಂಡವರು ಭಾಯಿ ಗುರುದಾಸ್. ಮುಂದೆ ಒಂಬತ್ತನೇ ಗುರು ತೇಗ್ ಬಹಾದುರ್ ಅವರ ಪದಗಳೂ ಸೇರಿದವು. 1708ರಲ್ಲಿ ಹತ್ತನೇ ಗುರು ಗೋಬಿಂದ್ ಸಿಂಗ್, ತಮ್ಮ ನಂತರ ಈ ಗ್ರಂಥವೇ ಗುರು ಎಂದರು. ಈಗ ಅಚ್ಚಾಗುವ ಪ್ರತಿಗಳಲ್ಲಿ 1430 ಪುಟಗಳಿರುತ್ತವೆ. ಎಲ್ಲ ಪ್ರತಿಗಳಲ್ಲೂ ಪುಟದ ಲೆಕ್ಕ ಒಂದೇ. ಗ್ರಂಥವೇ ಗುರು ಆದ್ದರಿಂದ ಸಿಖ್ಖರು ಪುಟ ಅನ್ನುವುದಿಲ್ಲ, ‘ಅಂಗ’ ಅನ್ನುತ್ತಾರೆ. ನಾನೂ ಮುಂದೆ ಹಾಗೇ ಹೇಳುತ್ತೇನೆ.

ಒಳಗೆ ಆರು ಗುರುಗಳ ಪದಗಳಿವೆ. ಅವರ ಜೊತೆಗೆ 15 ಮಂದಿ ಭಗತರು, ಅಂದರೆ ಗುರುಗಳಲ್ಲದ ಸಂತಕವಿಗಳು: ನೇಕಾರ ಕಬೀರ, ಬಟ್ಟೆಗೆ ಅಚ್ಚು ಹಾಕುವ ನಾಮದೇವ, ಚರ್ಮದ ಕೆಲಸದ ರವಿದಾಸ, ಸೂಫಿ ಶೇಖ್ ಫರೀದ್, ಜಾಟ ರೈತ ಧನ್ನಾ, ಕ್ಷೌರಿಕ ಸೈನ್, ‘ಗೀತಗೋವಿಂದ’ದ ಜಯದೇವ, ಹೀಗೆ. ಜಾಸ್ತಿ ಪದಗಳಿರುವುದು ಕಬೀರರದು. ಕೆಲವರದು ಒಂದೇ ಒಂದು ಪದ. ಇವರಲ್ಲದೆ ಗುರುಗಳನ್ನು ಹೊಗಳಿ ಹಾಡಿದ ಭಟ್ಟರೂ, ಗುರುಗಳ ಬಳಿ ಇದ್ದ ಒಂದಿಬ್ಬರು ಹಾಡುಗಾರರೂ ಇದ್ದಾರೆ.

ಯಾಕೆ ಸೇರಿಸಿದರು

‘ಎಲ್ಲ ಧರ್ಮಗಳಿಗೂ ಜಾಗ ಕೊಟ್ಟರು’ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ವಿಷಯ ಅಷ್ಟೇ ಅಲ್ಲ. ಇದು ಪ್ರತಿ ಮನೆಯಿಂದ ಒಬ್ಬೊಬ್ಬರು ಬಂದು ಕೂತ ಪಂಚಾಯ್ತಿ ಅಲ್ಲ. ಜಯದೇವರನ್ನೇ ನೋಡಿ. ಗ್ರಂಥದಲ್ಲಿ ಅವರ ಹೆಸರಿನ ಪದಗಳು ಎರಡೇ, 526ನೇ ಅಂಗದಲ್ಲೊಂದು, 1106ರಲ್ಲೊಂದು. ‘ಗೀತಗೋವಿಂದ’ದ ರಾಧೆ, ಕುಂಜ, ವಿರಹ ಯಾವುದೂ ಅಲ್ಲಿಲ್ಲ. ನಾಮದೇವರ ಮರಾಠಿ ಅಭಂಗಗಳು ಎಷ್ಟೊಂದಿವೆ, ಗ್ರಂಥದಲ್ಲಿರುವುದು ಅರವತ್ತರ ಆಸುಪಾಸಿನ ಪದಗಳು. ಅಂದರೆ ಯಾರು ಹೇಳಿದರು ಅನ್ನುವುದನ್ನಲ್ಲ, ಏನು ಹೇಳಿದರು ಅನ್ನುವುದನ್ನು ನೋಡಿ ಆರಿಸಿದ್ದಾರೆ. ಆಕಾರವಿಲ್ಲದ ಒಬ್ಬನೇ ದೇವರು, ಅವನ ಹೆಸರಿನ ನೆನಪು, ಹುಟ್ಟಿನಿಂದ ಯಾರೂ ಮೇಲಲ್ಲ, ಸಂಸಾರದಲ್ಲಿದ್ದು ದುಡಿದು ತಿನ್ನುವುದು. ಈ ಜರಡಿಯಲ್ಲಿ ಉಳಿದವು ಒಳಗೆ ಬಂದವು.

ಜಾತಿಯ ಮಾತನ್ನು ಗುರು ಅರ್ಜನ್ ಒಂದು ಪದದಲ್ಲಿ ನೇರವಾಗಿಯೇ ಹೇಳಿದ್ದಾರೆ, 487ನೇ ಅಂಗದಲ್ಲಿ. ಅರ್ಧ ಕಾಸಿನ ಬೆಲೆಯ ಅಚ್ಚುಗಾರ ನಾಮದೇವ ಲಕ್ಷದ ಬೆಲೆಯವನಾದ. ನೇಯ್ಗೆ ಬಿಟ್ಟು ಕಬೀರ ದೇವರ ಪಾದ ಹಿಡಿದ. ಸತ್ತ ದನ ಹೊರುತ್ತಿದ್ದ ರವಿದಾಸ ಮಾಯೆ ಬಿಟ್ಟ. ಮನೆಮನೆಗೆ ಚಾಕರಿಗೆ ಹೋಗುತ್ತಿದ್ದ ಸೈನನ ಹೆಸರು ಊರೂರಿಗೂ ಹೋಯಿತು. ಇದನ್ನೆಲ್ಲ ಕೇಳಿದ ಜಾಟರ ಹುಡುಗ ಧನ್ನಾ ತಾನೂ ಎದ್ದು ಭಕ್ತಿಗೆ ಹತ್ತಿದ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ. ಅಂದಹಾಗೆ, ಈ ಸೈನ್ ನಮ್ಮ ಬೀದರ್‌ನ ಅರಸನ ಬಳಿ ಕೆಲಸಕ್ಕಿದ್ದ ಅನ್ನುವ ಒಂದು ಕಥೆಯೂ ಇದೆ. ಬಾಂಧವಗಢದ ಅರಸನ ಬಳಿ ಇದ್ದ ಅನ್ನುವ ಕಥೆ ಇನ್ನೊಂದು.

ಈ ಸಂಗ್ರಹ ಗುರು ಅರ್ಜನ್ ಕಾಲದಲ್ಲೇ ಮೊದಲಾಗಿದ್ದಲ್ಲ. ಮೂರನೇ ಗುರು ಅಮರದಾಸರ ಕಾಲದ್ದೆನ್ನುವ ಗೋಯಿಂದ್‌ವಾಲ್ ಪೋಥಿಗಳೆಂಬ ಹಸ್ತಪ್ರತಿಗಳಲ್ಲಿ ಆಗಲೇ ಭಗತರ ಪದಗಳಿವೆ. ಅದಕ್ಕೂ ಹಿಂದಿನ ಸುಳಿವೂ ಇದೆ. ಸೂಹಿ ರಾಗದಲ್ಲಿ ಫರೀದರ ಒಂದು ಪದ ಹೀಗೆ ಶುರುವಾಗುತ್ತದೆ: ‘ಬೇಡಾ ಬಂಧಿ ನ ಸಕಿಓ ಬಂಧನ ಕೀ ವೇಲಾ’, ತೆಪ್ಪ ಕಟ್ಟುವ ಹೊತ್ತಿನಲ್ಲಿ ಕಟ್ಟಲಿಲ್ಲ ನೀನು (794). ಅದೇ ರಾಗದಲ್ಲಿ ನಾನಕರದೊಂದು ಪದ: ‘ಜಪ ತಪ ಕಾ ಬಂಧು ಬೇಡುಲಾ’, ಜಪತಪದ ತೆಪ್ಪ ಕಟ್ಟಿಕೋ, ಸಲೀಸಾಗಿ ದಾಟುತ್ತೀಯ (729). ಅದೇ ತೆಪ್ಪ, ಅದೇ ಪ್ರಾಸ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ಇನ್ನೊಂದಕ್ಕೆ ಉತ್ತರ ಅಂತ ಯಾರಿಗಾದರೂ ಅನಿಸುತ್ತದೆ.

ನನ್ನ ಪ್ರಕಾರ ಮುಖ್ಯ ಕಾರಣ ಇಲ್ಲೇ ಇದೆ. ಗುರುಗಳು ಭಗತರ ಜೊತೆ ಮಾತಾಡುತ್ತಿದ್ದರು. ಸುಮ್ನೆ ತಲೆಯಾಡಿಸಲಿಲ್ಲ. ಒಪ್ಪಿದ ಕಡೆ ಮುಂದುವರಿಸಿದರು, ಮಾತು ತಪ್ಪು ಅರ್ಥಕ್ಕೆ ಎಡೆ ಮಾಡಿಕೊಡುತ್ತದೆ ಅನಿಸಿದ ಕಡೆ ಪಕ್ಕದಲ್ಲೇ ಇನ್ನೊಂದು ಮಾತು ಸೇರಿಸಿದರು. ಮಾತುಕತೆ ಅಂದಮೇಲೆ ಯಾವ ಮಾತು ಯಾರದು ಅಂತ ಗೊತ್ತಾಗಬೇಕಲ್ವಾ? ಅದಕ್ಕೇ ತಲೆಬರಹಗಳನ್ನು ಅಷ್ಟು ಜೋಪಾನವಾಗಿ ಬರೆದಿದ್ದಾರೆ.

ಹಂತ 1: ಪದ ಎಲ್ಲಿದೆ ಅಂತ ನೋಡಿ

ಒಂದು ಸಾಲು ಸಿಕ್ಕಾಗ ಮೊದಲು ಅದರ ಅಂಗದ ಸಂಖ್ಯೆ ಹುಡುಕಿ. ಗುರ್ಬಾನಿ, ಅಂದರೆ ಗ್ರಂಥದ ಸಾಲುಗಳನ್ನು, ಹುಡುಕುವ ಆ್ಯಪ್‌ಗಳಲ್ಲಿ, ಉದಾಹರಣೆಗೆ SikhiToTheMax ನಲ್ಲಿ, ಸಾಲಿನ ಪದಗಳ ಮೊದಲ ಅಕ್ಷರಗಳನ್ನು ಹಾಕಿದರೆ ಸಾಕು. ಸಿಕ್ಕಿದ ಮೇಲೆ ಆ ಒಂದು ಸಾಲಿಗೇ ನಿಲ್ಲಬೇಡಿ. ಇಡೀ ಅಂಗವನ್ನು ತೆರೆಯಿರಿ.

ಗ್ರಂಥವನ್ನು ಜೋಡಿಸಿರುವುದು ಬರೆದವರ ಪ್ರಕಾರ ಅಲ್ಲ, ರಾಗದ ಪ್ರಕಾರ. ಸುಮಾರು 14ನೇ ಅಂಗದಿಂದ 1353ರವರೆಗೆ 31 ರಾಗಗಳು. ಪ್ರತಿ ರಾಗದೊಳಗೆ ಗುರುಗಳ ಪದಗಳು ಮೊದಲು ಬರುತ್ತವೆ, ಭಗತರದು ಕೊನೆಗೆ. ಉದಾಹರಣೆಗೆ ಆಸಾ ರಾಗದಲ್ಲಿ ಭಗತರ ಭಾಗ ಶುರುವಾಗುವುದು 475ನೇ ಅಂಗದಲ್ಲಿ. ಅಲ್ಲಿ ‘ಬಾಣೀ ಭಗತಾ ಕೀ’ ಅಂತ ಬರೆದೇ ಇದೆ. ಹಾಗಾಗಿ ರಾಗದ ಮೊದಲ ಭಾಗವೋ ಕೊನೆಯ ಭಾಗವೋ ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ರಾಗಗಳು ಮುಗಿದ ಮೇಲೆ ಬಿಡಿ ಶಲೋಕಗಳ, ಅಂದರೆ ಪುಟ್ಟ ಪದ್ಯಗಳ, ಭಾಗ ಇದೆ: ಕಬೀರರದು 1364ರಿಂದ, ಫರೀದರದು 1377ರಿಂದ. ಗೊಂದಲ ಜಾಸ್ತಿ ಇರುವುದು ಇಲ್ಲೇ.

ಹಂತ 2: ಮೇಲಕ್ಕೆ ಹೋಗಿ ತಲೆಬರಹ ಹಿಡಿಯಿರಿ

ಸಾಲಿನಿಂದ ಮೇಲಕ್ಕೆ ಕಣ್ಣು ಓಡಿಸುತ್ತಾ ಹೋಗಿ. ಮೊದಲು ಸಿಗುವ ತಲೆಬರಹವೇ ನಿಮಗೆ ಬೇಕಾದದ್ದು. ಗುರುಗಳ ಪದವಾದರೆ ಅಲ್ಲಿ ರಾಗದ ಹೆಸರು, ಪಕ್ಕದಲ್ಲಿ ‘ਮਹਲਾ’ (ಮಹಲಾ), ಅದರ ಪಕ್ಕ ಒಂದು ಅಂಕಿ ಇರುತ್ತದೆ. ಚುಟುಕಾಗಿ ‘ਮਃ’ ಅಂತಲೂ ಬರೆಯುತ್ತಾರೆ. ಅಂಕಿ ಎಷ್ಟನೇ ಗುರು ಅಂತ ಹೇಳುತ್ತದೆ: 1 ನಾನಕ್, 2 ಅಂಗದ್, 3 ಅಮರದಾಸ್, 4 ರಾಮದಾಸ್, 5 ಅರ್ಜನ್, 9 ತೇಗ್ ಬಹಾದುರ್. ಬೇರೆ ಅಂಕಿ ಬರುವುದಿಲ್ಲ. ನಾನಕರ ನಂತರದ ಗುರುಗಳೂ ‘ನಾನಕ್’ ಅಂತಲೇ ಅಂಕಿತ ಹಾಕಿದ್ದಾರೆ. ಎಲ್ಲರಲ್ಲೂ ಬೆಳಗಿದ್ದು ಒಂದೇ ಜ್ಯೋತಿ ಅನ್ನುವುದು ಅವರ ನಂಬಿಕೆ. ಆದ್ದರಿಂದ ಗುರುಗಳನ್ನು ಒಬ್ಬರಿಂದ ಒಬ್ಬರನ್ನು ಬೇರೆ ಮಾಡುವುದು ಈ ಅಂಕಿಯೇ, ಅಂಕಿತವಲ್ಲ.

ಗುರುಮುಖಿ ಅಂಕಿಗಳಲ್ಲಿ ನಮಗೆ ಮೋಸ ಮಾಡುವುದು ಒಂದು. ಗುರುಮುಖಿಯ ‘੧’ ನಮ್ಮ ಕಣ್ಣಿಗೆ 9ರ ಹಾಗೆ ಕಾಣುತ್ತದೆ. ಅದು 1. ನಿಜವಾದ 9 ಬೇರೆ: ‘੯’. ಹೊಸಬರು ನಾನಕರ ಪದವನ್ನು ತೇಗ್ ಬಹಾದುರ್ ಅವರದು ಅಂದುಕೊಳ್ಳುವುದು ಹೀಗೇ. 3 ಅಂದರೆ ‘੩’, 5 ಅಂದರೆ ‘੫’. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಂಡರೆ ಬಹುಪಾಲು ಕೆಲಸ ನಡೆಯುತ್ತದೆ.

ಭಗತರಿಗೆ ಅಂಕಿ ಇಲ್ಲ, ಹೆಸರೇ ಇರುತ್ತದೆ: ‘ಕಬೀರ ಜೀಉ’, ‘ಬಾಣೀ ರವಿದಾಸ ಜೀಉ ಕೀ’ ಹೀಗೆ. ರಾಗಗಳ ಭಾಗದಲ್ಲಿ ಒಂದು ತಲೆಬರಹ ಬಂದರೆ ಮುಂದಿನ ತಲೆಬರಹ ಬರುವವರೆಗೆ ಅದೇ ಲೆಕ್ಕ. ನಾಲ್ಕು ಪದಗಳ ಹಿಂದೆ ಕಬೀರರ ಹೆಸರು ಬಂದು ನಡುವೆ ಬೇರೆ ಹೆಸರು ಬರದಿದ್ದರೆ ಇದೂ ಕಬೀರರದೇ. ಶಲೋಕಗಳ ಭಾಗದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿಗೆ ಆಮೇಲೆ ಬರೋಣ.

ಹಂತ 3: ಆಮೇಲೆ ಅಂಕಿತ

ತಲೆಬರಹ ಸಿಕ್ಕ ಮೇಲೆ ಒಳಗಿನ ಹೆಸರು ನೋಡಿ. ಎರಡೂ ಹೊಂದಿದರೆ ಸರಿ. ಹೊಂದದಿದ್ದರೆ ತಲೆಬರಹದ ಮಾತೇ ಕೊನೆ. ಯಾಕೆ ಅನ್ನುವುದಕ್ಕೆ ಒಂದು ಪದ ಸಾಕು.

ಗೌಡಿ ರಾಗದಲ್ಲಿ, 326ನೇ ಅಂಗದಲ್ಲಿ, ಭಗತರ ಭಾಗದ ನಡುವೆ ಒಂದು ಪದ ಇದೆ. ‘ಐಸೋ ಅಚರಜು ದೇಖಿಓ ಕಬೀರ’, ಇಂಥ ಅಚ್ಚರಿ ಕಂಡೆ ಕಬೀರಾ, ಮೊಸರು ಅಂದುಕೊಂಡು ನೀರು ಕಡೆಯುತ್ತಿದ್ದಾರೆ ಜನ! ಹಿಂದೆ ಮುಂದೆ ಎಲ್ಲ ಕಬೀರರ ಪದಗಳು, ಒಳಗೆ ಕಬೀರರ ಹೆಸರು. ಯಾರನ್ನು ಕೇಳಿದರೂ ಕಬೀರರದೇ ಅನ್ನುತ್ತಾರೆ. ಈಗ ತಲೆಬರಹ ಓದಿ: ‘ಗಉಡೀ ಕಬೀರ ಜೀ ಕೀ ನಾಲಿ ರಲಾಇ ಲಿಖಿಆ ಮಹಲಾ 5’. ಅಂದರೆ ‘ಕಬೀರರ ಗೌಡಿಯ ಜೊತೆ ಬೆರೆಸಿ ಬರೆದದ್ದು, ಮಹಲಾ 5’. ಬೆರೆಸಿದ್ದೇನೆ ಅಂತ ಬೆರೆಸಿದವರೇ ಬರೆದಿಟ್ಟಿದ್ದಾರೆ. ನಾನು ಮೊದಲ ಸಲ ಇದನ್ನು ಓದಿದಾಗ ನಕ್ಕುಬಿಟ್ಟೆ. ಇಷ್ಟು ಬಿಡಿಸಿ ಹೇಳಿದರೂ ನಾವು ಕೆಳಗಿನ ಹೆಸರನ್ನೇ ನೋಡುತ್ತೇವಲ್ಲ!

ಪದದೊಳಗೆ ಬರುವ ಹೆಸರೆಲ್ಲ ಅಂಕಿತವೂ ಅಲ್ಲ. ಆಗ ಹೇಳಿದ ಧನ್ನಾ ಪದ ನೆನಪಿದೆಯಾ? ಅದು ಇರುವುದು ಧನ್ನಾ ಅವರ ಪದಗಳ ನಡುವೆ. ಕೊನೆಯಲ್ಲಿ ‘ಧಂನಾ ವಡಭಾಗಾ’, ಧನ್ನಾ ಭಾಗ್ಯವಂತ ಅಂತ ಬರುತ್ತದೆ. ಅಂಕಿತದ ಹಾಗೇ ಇದೆ. ಆದರೆ ಮೇಲೆ ‘ಮಹಲಾ 5’ ಇದೆ. ಧನ್ನಾ ಅವರ ಬಗ್ಗೆ ಅರ್ಜನರು ಹೇಳಿದ ಮಾತು ಅದು. ಹಾಗೆಯೇ ಕಬೀರರ 212 ಮತ್ತು 213ನೇ ಶಲೋಕಗಳು. ಮೊದಲನೆಯದರಲ್ಲಿ ತ್ರಿಲೋಚನ ಕೇಳುತ್ತಾನೆ: ನಾಮಾ, ಮಾಯೆಗೆ ಮರುಳಾದೆಯಾ, ಯಾಕೆ ಈ ಬಟ್ಟೆಗೆ ಅಚ್ಚು ಹಾಕುತ್ತಾ ಕೂತಿದ್ದೀಯ, ರಾಮನಲ್ಲಿ ಮನಸ್ಸಿಡಬಾರದಾ? ಎರಡನೆಯದರಲ್ಲಿ ನಾಮದೇವರ ಉತ್ತರ: ಬಾಯಲ್ಲಿ ರಾಮ ಅನ್ನು, ಕೈಕಾಲು ಕೆಲಸ ಮಾಡಲಿ, ಮನಸ್ಸು ಅವನಲ್ಲಿರಲಿ. ಎರಡರಲ್ಲೂ ಕಬೀರರ ಹೆಸರೇ ಇಲ್ಲ. ಹಾಗಂತ ಒಂದು ತ್ರಿಲೋಚನರದು, ಇನ್ನೊಂದು ನಾಮದೇವರದು ಆಗುವುದಿಲ್ಲ. ಅವರಿಬ್ಬರ ಮಾತುಕತೆಯನ್ನು ಹೇಳುತ್ತಿರುವವರು ಕಬೀರರು.

ದೇವರ ಹೆಸರು ನೋಡಿ ಊಹೆ ಮಾಡುವುದಂತೂ ಬೇಡವೇ ಬೇಡ. ‘ಈಭೈ ಬೀಠಲು ಊಭೈ ಬೀಠಲು’, ಇಲ್ಲೂ ವಿಠಲ ಅಲ್ಲೂ ವಿಠಲ, ಅಂತ ನಾಮದೇವರು ಹಾಡಿದ್ದು (485) ಓದಿ ನಮಗೆ ಖುಷಿಯಾಗುತ್ತದೆ, ಪಂಢರಾಪುರದವರು ಸಿಕ್ಕರು ಅಂತ. ಆದರೆ ಗುರು ಅರ್ಜನರ ಪದಗಳಲ್ಲೂ ಬೀಠಲ ಬರುತ್ತಾನೆ. ರಾಮ, ಗೋಬಿಂದ, ಅಲ್ಲಾ, ಸಾಹಿಬ್ ಎಲ್ಲವೂ ಎಲ್ಲರ ಬಾಯಲ್ಲೂ ಬರುತ್ತವೆ.

ಫರೀದರ ಶಲೋಕಗಳನ್ನು ಒಟ್ಟಿಗೆ ಓದೋಣ

1377ರಿಂದ 1384ರವರೆಗಿನ ಈ ಭಾಗದ ತಲೆಬರಹ ‘ಸಲೋಕ ಸೇಖ ಫರೀದ ಕೇ’. ಒಟ್ಟು 130 ಶಲೋಕಗಳು. ಫರೀದರದು ಅಂತ ಎಣಿಸುವುದು 112. ಉಳಿದ 18 ಗುರುಗಳವು. ನೂರಮೂವತ್ತರಲ್ಲಿ ಈ ಹದಿನೆಂಟನ್ನು ಹುಡುಕುವುದು ಒಳ್ಳೇ ಅಭ್ಯಾಸ.

12ನೆಯದರಲ್ಲಿ ಫರೀದರು ಹೇಳುತ್ತಾರೆ: ಕೂದಲು ಕಪ್ಪಗಿದ್ದಾಗ ಒಡೆಯನನ್ನು ಕೂಡದವಳು, ಬೆಳ್ಳಗಾದ ಮೇಲೆ ಕೂಡುವುದುಂಟೇ? ಅವನಲ್ಲಿ ಪ್ರೀತಿ ಮಾಡು, ಬಣ್ಣ ಹೊಸದಾಗುತ್ತದೆ. ಓದಿದವರಿಗೆ ಒಂದು ಹೆದರಿಕೆ ಉಳಿಯುತ್ತದೆ. ವಯಸ್ಸಾಗಿಹೋಗಿದ್ದರೆ? ಮುಗಿಯಿತಾ?

13ನೆಯದಕ್ಕೆ ಮೊದಲು ಪುಟ್ಟದಾಗಿ ‘ਮਃ ੩’ ಅಂತಿದೆ. ಆಮೇಲೆ: ‘ಫರೀದಾ ಕಾಲೀ ಧಉಲೀ ಸಾಹಿಬು ಸದಾ ಹೈ ಜೇ ಕೋ ಚಿತಿ ಕರೇ’. ಕಪ್ಪಿರಲಿ ಬಿಳಿಯಿರಲಿ, ನೆನೆಯುವವರಿಗೆ ಒಡೆಯ ಯಾವಾಗಲೂ ಇದ್ದಾನೆ. ನಾವೇ ಹಚ್ಚಿಕೊಳ್ಳುತ್ತೇವೆ ಅಂದರೆ ಪ್ರೀತಿ ಹತ್ತುವುದಿಲ್ಲ, ಎಷ್ಟೇ ಆಸೆಪಟ್ಟರೂ. ಆ ಬಟ್ಟಲು ಒಡೆಯನದು, ಇಷ್ಟಬಂದವರಿಗೆ ಕೊಡುತ್ತಾನೆ.

ಇದು ಮೂರನೇ ಗುರು ಅಮರದಾಸರ ಉತ್ತರ. ‘ಫರೀದಾ’ ಅನ್ನುವುದು ಇಲ್ಲಿ ಅಂಕಿತವಲ್ಲ, ಕರೆ. ‘ಕೇಳು ಫರೀದಾ’ ಅಂದ ಹಾಗೆ. ಅಮರದಾಸರು ಗುರುವಾದದ್ದು 73ರ ವಯಸ್ಸಿನಲ್ಲಿ ಅನ್ನುತ್ತದೆ ಸಿಖ್ ಪರಂಪರೆ. ಬಿಳಿ ಕೂದಲಿನ ಮಾತಿಗೆ ಅವರೇ ಉತ್ತರ ಕೊಟ್ಟಿದ್ದು ನನಗೆ ತುಂಬಾ ಹಿಡಿಸುತ್ತದೆ. ಇಬ್ಬರ ಸಾಲುಗಳನ್ನೂ ಫರೀದರದೇ ಅಂತ ಓದಿದರೆ ಒಬ್ಬನೇ ಮನುಷ್ಯ ಒಂದು ಮಾತು ಹೇಳಿ ಮರುಕ್ಷಣ ತಿದ್ದಿಕೊಂಡ ಹಾಗಾಗುತ್ತದೆ. ಮಾತುಕತೆಯೇ ಕಾಣೆಯಾಗುತ್ತದೆ.

ಈಗ 14ನೆಯದು ಯಾರದು? ಅದರ ಮೇಲೆ ತಲೆಬರಹ ಇಲ್ಲ. ರಾಗಗಳ ಲೆಕ್ಕದಲ್ಲಿ ಹೋದರೆ ಅದೂ ಅಮರದಾಸರದು ಆಗಬೇಕು. ಆದರೆ ಇಲ್ಲಿ ಹಾಗಲ್ಲ. ಶಲೋಕಗಳ ನಡುವೆ ಬರುವ ಮಹಲಾ ಸೂಚನೆ ಒಂದೇ ಒಂದು ಶಲೋಕಕ್ಕೆ, ಅದು ಮುಗಿದ ಕೂಡಲೇ ಮತ್ತೆ ಫರೀದರು. ಇದನ್ನು ಖಚಿತ ಮಾಡಿಕೊಳ್ಳಲು 82, 83 ನೋಡಿ. ಎರಡೂ ಅರ್ಜನರವು, ಒಂದರ ಬೆನ್ನಿಗೆ ಒಂದು. ಆದರೂ ಎರಡಕ್ಕೂ ಬೇರೆಬೇರೆಯಾಗಿ ‘ಮಹಲಾ 5’ ಬರೆದಿದ್ದಾರೆ. ಒಂದು ಸೂಚನೆ ಮುಂದಕ್ಕೂ ನಡೆಯುವಂತಿದ್ದರೆ ಎರಡನೆಯದು ಬೇಕಾಗಿರಲಿಲ್ಲ.

ಅವುಗಳ ಹಿಂದಿನ 81ನೆಯದು ಫರೀದರ ಹೆಸರಾಂತ ಸಾಲು: ದುಃಖ ನನಗೊಬ್ಬನಿಗೇ ಅಂದುಕೊಂಡಿದ್ದೆ, ಎತ್ತರಕ್ಕೆ ಹತ್ತಿ ನೋಡಿದರೆ ಮನೆಮನೆಯಲ್ಲೂ ಇದೇ ಬೆಂಕಿ. 82ರಲ್ಲಿ ಅರ್ಜನರು: ಭೂಮಿ ಬಣ್ಣಬಣ್ಣದ್ದು, ನಡುವೆ ವಿಷದ ತೋಟ ಇದೆ ನಿಜ, ಆದರೆ ಗುರು ಕೈಹಿಡಿದವರಿಗೆ ಆ ಉರಿ ತಾಗುವುದಿಲ್ಲ. ಫರೀದರ ಮಾತನ್ನು ಅಲ್ಲಗಳೆಯಲಿಲ್ಲ. ಬೆಂಕಿ ಇದೆ ಅಂತ ಒಪ್ಪಿ, ದಾರಿಯೊಂದನ್ನು ಪಕ್ಕದಲ್ಲಿಟ್ಟರು. ನಾನು ತಪ್ಪಾಗಿ ಹಂಚಿದ ‘ಖಾಲಕು ಖಲಕ ಮಹಿ’ ಕೂಡ ಹೀಗೇ, 75ನೆಯದು. ಅದರ ಹಿಂದಿನ 74ರಲ್ಲಿ ಫರೀದರು ಮನಸ್ಸಿನ ಗುಂಡಿ ದಿಬ್ಬಗಳನ್ನು ತೆಗೆದು ಬಯಲು ಮಾಡು, ನರಕದ ಬೆಂಕಿ ಹತ್ತಿರ ಬರುವುದಿಲ್ಲ ಅನ್ನುತ್ತಾರೆ. ಬಯಲಾದ ಮನಸ್ಸಿಗೆ ಏನು ಕಾಣುತ್ತದೆ ಅನ್ನುವುದು ಅರ್ಜನರ ಸಾಲು. ಬಿಡಿಯಾಗಿ ಓದಿದಾಗ ಸುಂದರವಾಗಿತ್ತು, ಜೋಡಿಯಾಗಿ ಓದಿದಾಗ ಅರ್ಥವಾಯಿತು.

ಕಬೀರರ ಶಲೋಕಗಳಲ್ಲೂ (ಒಟ್ಟು 243) ಇದೇ ಪದ್ಧತಿ. 219ರಲ್ಲಿ ಕಬೀರರು, ನಾನು ನೆನೆದದ್ದು ಅವನು ಮಾಡುವುದಿಲ್ಲ, ನನ್ನ ಮನಸ್ಸಿನಲ್ಲೇ ಇಲ್ಲದ್ದನ್ನು ಮಾಡುತ್ತಾನೆ, ನೆನೆದು ಏನು ಪ್ರಯೋಜನ ಅನ್ನುತ್ತಾರೆ. 220 ‘ಮಹಲಾ 3’. ಅದು ಚಿಂತೆ ಕೊಡುವವನೂ ಅವನೇ ತೆಗೆಯುವವನೂ ಅವನೇ ಅನ್ನುತ್ತದೆ, ಮುಂದಿನ ಸಾಲಿನಲ್ಲಿ ‘ನಾನಕ’ ಅಂತ ಬರುತ್ತದೆ. ಕಬೀರರ ಶಲೋಕಗಳ ನಡುವೆ ಇದ್ದರೂ ಒಳಗೆ ಕಬೀರರ ಹೆಸರಿಲ್ಲ. ಅಂಕಿತ ನಾನಕರದ್ದು, ಬರೆದವರು ಅಮರದಾಸರು.

ಮಹಲಾ ಅಂತ ಇದ್ದೂ ಗುರುಗಳದ್ದಲ್ಲದ ಕಡೆ

ಒಂದೇ ಒಂದು ಕಡೆ ಮಹಲಾ ಅನ್ನುವುದೇ ದಾರಿ ತಪ್ಪಿಸುತ್ತದೆ. 1389ನೇ ಅಂಗದಲ್ಲಿ ‘ಸವಈಏ ಮಹಲೇ ಪಹಿಲೇ ಕೇ’ ಅಂತ ತಲೆಬರಹ. ಮೊದಲನೇ ಮಹಲಾ, ಅಂದರೆ ನಾನಕರದು ಅನಿಸುತ್ತದೆ. ಅಲ್ಲ. ಕೊನೆಯ ‘ಕೇ’ ನೋಡಿ. ಇವು ಮೊದಲನೇ ಗುರುವಿನ ಬಗ್ಗೆ ಭಟ್ಟರು ಹಾಡಿದ ಹೊಗಳಿಕೆ ಪದಗಳು. ಮುಂದೆ ಎರಡನೆಯ, ಮೂರನೆಯ, ನಾಲ್ಕನೆಯ, ಐದನೆಯ ಗುರುವಿನವರೆಗೂ ಹೀಗೇ, 1409ರ ತನಕ. ಇವುಗಳಿಗೆ ಸ್ವಲ್ಪ ಹಿಂದೆ, 1385ರಲ್ಲಿ ಬರುವ ಸವಯ್ಯೆ ಅನ್ನುವ ಪದ್ಯಗಳ ತಲೆಬರಹದಲ್ಲಿ ‘ಸ್ರೀ ಮುಖಬಾಕ್ಯ ಮಹಲಾ 5’ ಅಂತಿದೆ. ಮುಖವಾಕ್ಯ, ಅಂದರೆ ಸ್ವತಃ ಬಾಯಿಂದ ಬಂದದ್ದು. ಅವು ಅರ್ಜನರವೇ.

ತಲೆಬರಹವೇ ಇಲ್ಲದಿದ್ದರೆ

ಹದಿನೆಂಟನ್ನು ಎಣಿಸಲು ಹೊರಟವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮಹಲಾ ಸೂಚನೆ ಇರುವವನ್ನು ಮಾತ್ರ ಎಣಿಸಿದರೆ ಲೆಕ್ಕ ತುಂಬುವುದಿಲ್ಲ. ಫರೀದರ ಭಾಗದ ಕೊನೆಯ ಅಂಗ, 1384, ತೆರೆಯಿರಿ. 119ನೆಯದು ಫರೀದರದು:

‘ತನು ತಪೈ ತನೂರ ಜಿಉ, ಬಾಲಣು ಹಡ ಬಲಂನಿ.’

ಮೈ ತಂದೂರಿ ಒಲೆಯ ಹಾಗೆ ಕಾಯಲಿ, ಮೂಳೆಗಳು ಸೌದೆಯ ಹಾಗೆ ಉರಿಯಲಿ. ಕಾಲು ಸೋತರೆ ತಲೆಯ ಮೇಲೆ ನಡೆದೇನು, ನಲ್ಲ ಸಿಗುವುದಾದರೆ.

120ನೆಯದು ಅದೇ ಒಲೆ, ಅದೇ ಸೌದೆ, ಆದರೆ ಒಂದು ‘ನ’ ಸೇರಿದೆ:

‘ತನು ನ ತಪಾಇ ತನೂರ ಜಿಉ, ಬಾಲಣು ಹಡ ನ ಬಾಲಿ.’

ಮೈಯನ್ನು ಒಲೆಯಂತೆ ಕಾಯಿಸಬೇಡ, ಮೂಳೆಗಳನ್ನು ಸೌದೆ ಮಾಡಿ ಸುಡಬೇಡ. ತಲೆ, ಕಾಲು ನಿನಗೇನು ಅನ್ಯಾಯ ಮಾಡಿವೆ? ನಲ್ಲನನ್ನು ಒಳಗೇ ನೋಡು.

ಉತ್ತರ ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಆದರೆ ಮೇಲೆ ಮಹಲಾ ಇಲ್ಲ, ಒಳಗೆ ಹೆಸರೂ ಇಲ್ಲ. ‘ಧಾಟಿ ಗುರುಗಳದ್ದು’ ಅಂತ ಹೇಳಿ ಕೈತೊಳೆದುಕೊಳ್ಳಬಹುದು, ಆದರೆ ಯಾವ ಗುರು? ಇಂಥ ಕಡೆ ಮಾಡಬೇಕಾದದ್ದು ಒಂದೇ ಕೆಲಸ. ಆ ಸಾಲನ್ನು ಗ್ರಂಥದೊಳಗೇ ಮತ್ತೊಂದು ಸಲ ಹುಡುಕಿ. ಕೆಲವು ಶಲೋಕಗಳು ಎರಡು ಕಡೆ ಬರುತ್ತವೆ, ಒಂದು ಕಡೆ ಇಲ್ಲದ ತಲೆಬರಹ ಇನ್ನೊಂದು ಕಡೆ ಇರುತ್ತದೆ. ಹುಡುಕುವಾಗ ಮೊದಲ ನಾಲ್ಕೈದು ಪದಗಳನ್ನು ಮಾತ್ರ ಕೊಡಿ, ಇಡೀ ಶಲೋಕ ಕೊಡಬೇಡಿ. ಎರಡು ಕಡೆ ಒಂದೆರಡು ಪದ ಬೇರೆ ಇರಬಹುದು, ಆಗ ಹುಡುಕಾಟ ಬರಿಗೈಯಲ್ಲಿ ವಾಪಸ್ ಬರುತ್ತದೆ.

‘ತನು ನ ತಪಾಇ’ ಅಂತ ಹುಡುಕಿದರೆ ಎರಡನೇ ಸಲ ಸಿಗುವುದು 1411ನೇ ಅಂಗದಲ್ಲಿ. ವಾರ್ ಅನ್ನುವ ದೊಡ್ಡ ಹಾಡುಗಳಲ್ಲಿ ಸೇರದೆ ಉಳಿದ ಶಲೋಕಗಳನ್ನು ಅಲ್ಲಿ ಗುರುಗಳ ಪ್ರಕಾರ ಜೋಡಿಸಿದ್ದಾರೆ. ಇದು 18ನೆಯದು. ಕೊನೆಯ ಪದ ಮಾತ್ರ ಬೇರೆ: ಇಲ್ಲಿ ‘ನಿಹಾಲಿ’, ನೋಡು, ಅಲ್ಲಿ ‘ಸಮ್ಹಾಲಿ’, ನೆನೆ. ಆ ಭಾಗದ ಮೇಲಿನ ತಲೆಬರಹ ‘ਮਹਲਾ ੧’. 9 ಅಲ್ಲ, 1. ನಾನಕ್.